ಬೀರುವಿನಿಂದ ಬೀರುವಿಗೆ

ತಮ್ಮಾ, ಇನ್ನು ಮೇಲೆ ಕಾಲೇಜಿನ ಪ್ರೊಜೆಕ್ಟರು, ಸೌಂಡ್ ಸೆಟ್ಟುಗಳ ಬೀಗದ ಕೈ ನಿನ್ನ ಹತ್ತಿರ ಇರುತ್ತೆ. ನವೆಂಬರ್ ಬೇರೆ ಬಂತು. ರಾಜ್ಯೋತ್ಸವ, ಸೆಮಿನಾರು, ಪೋಷಕರ ಸಭೆ ಎಲ್ಲ ಒಂದರ ಮೇಲೊಂದು ಬೀಳೋ ತಿಂಗಳು. ಯಂತ್ರ ನಡೆಸೋದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಹಂಚೋದರ ಬಗ್ಗೆ ಮಾತ್ರ ಒಂದೆರಡು ಮಾತು ಹೇಳ್ತೀನಿ.

ರಿಜಿಸ್ಟರಿನಲ್ಲಿ ಕಾರ್ಯಕ್ರಮದ ಹೊತ್ತು ಬರೀಬೇಡ. ಸಾಮಾನು ಬೀರುವಿನಿಂದ ಹೊರಟು ಮತ್ತೆ ಬೀರು ಸೇರೋ ಹೊತ್ತು ಬರಿ. ವಾಣಿಜ್ಯ ವಿಭಾಗದವರು ಶುಕ್ರವಾರ ಬೆಳಿಗ್ಗೆ 10ರಿಂದ 1ರವರೆಗೆ ಸೆಮಿನಾರ್ ಅಂತ ಸೆಟ್ ಕೇಳಿದ್ರು ಅಂದ್ಕೋ. ಅದೇ ದಿನ 3 ಗಂಟೆಗೆ ಬಯಲು ವೇದಿಕೆಯಲ್ಲಿ ಕನ್ನಡ ಸಂಘದ್ದು. ನಡುವೆ 2 ಗಂಟೆ ಬಿಡುವು ಕಾಣುತ್ತೆ. ಆದರೆ ವಂದನಾರ್ಪಣೆ, ಫೋಟೋ ಮುಗಿಯೋ ಹೊತ್ತಿಗೆ ಒಂದೂವರೆ. ವೈರು ಸುತ್ತಿ ಸ್ಟೋರಿಗೆ ತರೋದು 2ಕ್ಕೆ, ನೀನು ನೋಡಿ ಇಳಿಸಿಕೊಳ್ಳೋದು ಎರಡೂಕಾಲಿಗೆ. ಬಯಲಿನಲ್ಲಿ ಬಾಕ್ಸ್ ನಿಲ್ಲಿಸಿ, ವೈರು ಎಳೆದು, ಕೂಗು ಬಾರದಂತೆ ಮೈಕ್ ಹೊಂದಿಸೋಕೆ ಸಂಘದವರಿಗೆ ಒಂದೂವರೆ ಗಂಟೆಯಾದರೂ ಬೇಕು. ಅಂದ್ರೆ ಅವರಿಗೆ ಸಾಮಾನು ಬೇಕಾಗಿರೋದು ಒಂದೂವರೆಗೆ. ಬಿಡುವು ಕಂಡ ಕಡೆಯೇ ಮುಕ್ಕಾಲು ಗಂಟೆಯ ತಗಾದೆ ಇದೆ.

ಹಾಗಂತ ತಕ್ಷಣ ಯಾರಿಗೂ ಇಲ್ಲ ಅನ್ನಬೇಡ. "ಸೆಟ್ ಬೇಕು" ಅಂದವರನ್ನ, ಎಲ್ಲಿ, ಎಷ್ಟು ಜನ, ಯಾತಕ್ಕೆ ಅಂತ ಕೇಳು. ಸೆಮಿನಾರ್ ಹಾಲಿನಲ್ಲಿ ಎಂಬತ್ತು ಜನ, ಮಾತಾಡೋರು ಇಬ್ಬರು. ಅದಕ್ಕೆ ಟ್ರಾಲಿ ಸ್ಪೀಕರು, ಎರಡು ಮೈಕು ಸಾಕು. ದೊಡ್ಡ ಬಾಕ್ಸು, ಮಿಕ್ಸರು, ಆಂಪ್ಲಿಫೈಯರು ಬೆಳಿಗ್ಗೆಯೇ ಸಂಘಕ್ಕೆ ಹೋಗಲಿ. ಸಂಘದವರು ಕೇಳಿದ ಪ್ರೊಜೆಕ್ಟರು ಬಯಲಿನಲ್ಲಿ ಮಧ್ಯಾಹ್ನ ಬೆಳಗಿಸಿದರೂ ಪರದೆ ಮೇಲೆ ಏನೂ ಕಾಣಲ್ಲ, ಕತ್ತಲಾಗಬೇಕು. ಸಾಕ್ಷ್ಯಚಿತ್ರ ಆರೂವರೆಗೆ ಇಟ್ಟುಕೊಳ್ಳಲಿ, 5ಕ್ಕೆ ಬಂದು ಒಯ್ಯಲಿ. ಸೆಟ್ಟನ್ನ ಬಿಡಿಬಿಡಿಯಾಗಿ ಬರೆದರೆ ಅರ್ಧ ಜಗಳ ಅಲ್ಲೇ ಕರಗುತ್ತೆ.

ಗಡಿಯಾರದಲ್ಲಿ ಕಾಣದ ಇನ್ನೊಂದು ತಗಾದೆ ಇದೆ. ಒಂದೇ ಫ್ರೀಕ್ವೆನ್ಸಿಯ ಎರಡು ಕಾರ್ಡ್‌ಲೆಸ್ ಮೈಕನ್ನ ಅಕ್ಕಪಕ್ಕದ ಹಾಲುಗಳಿಗೆ ಕೊಡಬೇಡ. ಅಲೆ ಗೋಡೆ ದಾಟುತ್ತೆ. ಇಲ್ಲಿಯ ಸ್ವಾಗತ ಭಾಷಣ ಅಲ್ಲಿಯ ಸ್ಪೀಕರಿನಲ್ಲಿ ಕೇಳುತ್ತೆ, ಇಲ್ಲವೇ ಎರಡೂ ಗೊರಗೊರ ಅನ್ನುತ್ತವೆ. ಪ್ರತಿ ಮೈಕಿಗೂ ಅದರ ರಿಸೀವರಿಗೂ ಒಂದೇ ಬಣ್ಣದ ಟೇಪು ಸುತ್ತು, ಫ್ರೀಕ್ವೆನ್ಸಿಯನ್ನ ಅದರ ಮೇಲೇ ಬರೆದಿಡು. ಜೋಡಿ ಅದಲುಬದಲಾದರೂ ಕಣ್ಣಿಗೆ ಬೀಳುತ್ತೆ.

ಇನ್ನು ವಾಪಸಾತಿ. ಎಣಿಸಿ ಇಟ್ಟುಕೊಂಡರೆ ಮುಗಿಯಲ್ಲ, ಹಚ್ಚಿ ನೋಡಬೇಕು. ಅದೂ ತಂದವರು ಎದುರಿಗೆ ನಿಂತಿರುವಾಗಲೇ. ಪ್ರೊಜೆಕ್ಟರನ್ನ ಬಿಳಿ ಗೋಡೆಗೆ ಹಿಡಿದು, ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಕೇಬಲ್ ಜೋಡಿಸಿ ಚಿತ್ರ ತರಿಸು. ಹಾಗೇ ಕೇಬಲ್ಲಿನ ತುದಿಯನ್ನ ಮೆಲ್ಲಗೆ ಅಲುಗಿಸು, ಚಿತ್ರ ಹೋಗಿ ಬಂದರೆ ಕೇಬಲ್ ಕೆಟ್ಟಿದೆ ಅಥವಾ ಸಾಕೆಟ್ ಸಡಿಲಾಗಿದೆ. ಬೇರೆ ಕೇಬಲ್ ಹಾಕಿದರೆ ಯಾವುದು ಅಂತ ತಿಳಿಯುತ್ತೆ. ಲ್ಯಾಂಪ್ ಇರೋ ಪ್ರೊಜೆಕ್ಟರ್ ಆದರೆ ಆಫ್ ಮಾಡಿದ ಮೇಲೆ ಫ್ಯಾನ್ ನಿಲ್ಲೋವರೆಗೆ ಪ್ಲಗ್ ಕೀಳಬೇಡ. ಒಯ್ಯೋರಿಗೂ ಇದನ್ನ ಹೇಳಿ ಕಳಿಸು. ಒಂದೊಂದೇ ಮೈಕಿನಲ್ಲಿ ಮಾತಾಡು, ಆಮೇಲೆ ಸೆಲ್ ತೆಗೆದಿಡು. ಒಳಗೇ ಬಿಟ್ಟರೆ ಸೋರಿ ಕಾಂಟ್ಯಾಕ್ಟ್ ಹಸಿರುಗಟ್ಟುತ್ತೆ. ರಿಮೋಟು, ಲೆನ್ಸ್ ಮುಚ್ಚಳ, ಪವರ್ ಕಾರ್ಡು, ಮೈಕ್ ಕ್ಲಿಪ್ಪು, ಕಳೆಯೋದೆಲ್ಲ ಇಂಥ ಸಣ್ಣವೇ. ಪ್ರತಿ ಚೀಲದ ಒಳಗೆ ಅದರ ಪಟ್ಟಿ ಅಂಟಿಸು. ಕೊಡುವಾಗಲೂ ಪಡೆಯುವಾಗಲೂ ಅದೇ ಪಟ್ಟಿಗೆ ಗುರುತು ಹಾಕು.

ಒಂದು ಕಾರ್ಯಕ್ರಮದವರು ಇನ್ನೊಂದರವರಿಗೆ ನೇರವಾಗಿ ದಾಟಿಸೋಕೆ ಮಾತ್ರ ಬಿಡಬೇಡ. "ಹೇಗೂ ಪಕ್ಕದಲ್ಲೇ ಇದ್ದಾರಲ್ಲ ಸಾರ್" ಅಂತಾರೆ. ನಾಳೆ ಒಂದು ಮೈಕ್ ಕಾಣದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ತೋರಿಸ್ತಾರೆ. ಸ್ಟೋರಿಗೆ ತರೋಕೆ ಹೊತ್ತೇ ಇಲ್ಲ ಅಂದ್ರೆ ನೀನೇ ರಿಜಿಸ್ಟರ್ ಹಿಡಿದು ಅಲ್ಲಿಗೆ ಹೋಗು, ಪಟ್ಟಿ ನೋಡಿ ಇಬ್ಬರ ರುಜು ಹಾಕಿಸು. ರುಜು ವಿಭಾಗದ ಹೆಸರಲ್ಲಿ ಬೇಡ, ಒಬ್ಬ ಮನುಷ್ಯನ ಹೆಸರು, ಫೋನ್ ನಂಬರ್ ಇರಲಿ. ಸಂಜೆ ಕಾರ್ಯಕ್ರಮವಾದರೆ ರಾತ್ರಿ ಸಾಮಾನು ಯಾವ ಕೋಣೆಯಲ್ಲಿ, ಕೀ ಯಾರ ಹತ್ತಿರ ಅನ್ನೋದನ್ನ ಮುಂಚೆಯೇ ಬರೆಸಿಕೋ.

ಕೊನೆಗೊಂದು ಮಾತು. ಕೆಟ್ಟು ಬಂತು ಅಂತ ಎಲ್ಲರೆದುರು ಗದರಿಸಬೇಡ. ಗದರಿಸಿದರೆ ಮುಂದಿನವನು ಸುಮ್ಮನೆ ಚೀಲ ಇಟ್ಟು ಹೋಗ್ತಾನೆ, ಆ ದೋಷ ನಿನಗೆ ಗೊತ್ತಾಗೋದು ಮತ್ತೊಬ್ಬರ ವೇದಿಕೆಯ ಮೇಲೆ. "ಏನಾದರೂ ತೊಂದರೆ ಕೊಡ್ತೇನಪ್ಪಾ?" ಅಂತ ಮೊದಲು ಕೇಳು. ಹೇಳಿದ್ದನ್ನ ಬರೆದುಕೋ, ಆ ಸಾಮಾನಿಗೆ ಕೆಂಪು ಚೀಟಿ ಕಟ್ಟು. ರಿಪೇರಿಯಾಗಿ ಬರೋವರೆಗೆ ಅದನ್ನ ಯಾರು ಕೇಳಿದರೂ ಕೊಡಬೇಡ, ಪ್ರಿನ್ಸಿಪಾಲರೇ ಕೇಳಿದರೂ ಸರಿ.