ಕಡಿಮೆ ಸ್ಟೋರೇಜಿನ ಫೋನ್ ಚುರುಕಾಗಲು ಐದು ಹಂತ

2 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್ ಇರುವ ಆಂಡ್ರಾಯ್ಡ್ ಫೋನ್ ಬಳಸುತ್ತಾ ಹೋದಂತೆ ನಿಧಾನವಾಗಲು ಮುಖ್ಯವಾಗಿ ಎರಡು ಕಾರಣಗಳಿವೆ. ಸ್ಟೋರೇಜ್ ತುಂಬುತ್ತಾ ಬಂದಾಗ ಹೊಸದೇನನ್ನಾದರೂ ಬರೆಯಲು ಮೆಮೊರಿ ಚಿಪ್ ಮೊದಲು ಹಳೆಯದನ್ನು ಸರಿಸಿ ಜಾಗ ಮಾಡಿಕೊಳ್ಳಬೇಕು. ರ‍್ಯಾಮ್ ಸಾಲದಿದ್ದಾಗ ಆಂಡ್ರಾಯ್ಡ್ ಹಿನ್ನೆಲೆಯ ಆ್ಯಪ್‌ಗಳನ್ನು ತಾನೇ ಮುಚ್ಚುತ್ತದೆ. ಅವನ್ನು ಮತ್ತೆ ತೆರೆದಾಗ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ರ‍್ಯಾಮ್ ಹೆಚ್ಚಿಸಲು ಬರುವುದಿಲ್ಲ, ಸ್ಟೋರೇಜ್ ಖಾಲಿ ಮಾಡಲು ಬರುತ್ತದೆ. ಆದ್ದರಿಂದ ಕೆಲಸ ಅಲ್ಲಿಂದಲೇ ಶುರುವಾಗಬೇಕು.

1. ಮೊದಲು ಅಳತೆ

ಫೋನನ್ನು ರೀಸ್ಟಾರ್ಟ್ ಮಾಡಿ, ಲಾಕ್ ಸ್ಕ್ರೀನ್ ಬರುವವರೆಗಿನ ಸಮಯವನ್ನು ಇನ್ನೊಂದು ಫೋನಿನ ಸ್ಟಾಪ್‌ವಾಚ್‌ನಲ್ಲಿ ನೋಡಿ ಬರೆದಿಡಬೇಕು. ಬಳಿಕ ದಿನವೂ ಬಳಸುವ ಒಂದು ಆ್ಯಪ್‌ನ ಐಕಾನನ್ನು ಒತ್ತಿ ಹಿಡಿದು, App info ತೆರೆದು, Force stop ಕೊಟ್ಟು, ಅದು ಮತ್ತೆ ತೆರೆಯಲು ಹಿಡಿಯುವ ಸಮಯವನ್ನೂ ಗುರುತಿಸಬೇಕು. ಕೊನೆಗೆ Settings ಒಳಗಿನ Storage ನೋಡಿ ಎಷ್ಟು ಜಾಗ ಉಳಿದಿದೆ ಎಂದು ಬರೆದುಕೊಳ್ಳಬೇಕು.

2. ಜಾಗ ಬಿಡಿಸುವುದು

ಒಂದು ಉದಾಹರಣೆ ನೋಡಬಹುದು. 32 ಜಿಬಿಯಲ್ಲಿ ಸಿಸ್ಟಂಗೆ 11, ವಾಟ್ಸ್ಆ್ಯಪ್‌ಗೆ 8, ಫೋಟೊ-ವಿಡಿಯೊಗಳಿಗೆ 6, ಉಳಿದ ಆ್ಯಪ್‌ಗಳಿಗೆ 6 ಜಿಬಿ ಹೋಗಿ 1 ಜಿಬಿ ಮಾತ್ರ ಉಳಿದಿದೆ ಎಂದುಕೊಳ್ಳೋಣ. ಇಲ್ಲಿ ಮೊದಲು ಕೈಹಾಕಬೇಕಾದದ್ದು ವಾಟ್ಸ್ಆ್ಯಪ್‌ಗೆ. ಅದರ Settings ಒಳಗೆ Storage and data, ಅಲ್ಲಿಂದ Manage storage ತೆರೆದರೆ 5 ಎಂಬಿಗಿಂತ ದೊಡ್ಡ ಫೈಲ್‌ಗಳೂ ಹಲವು ಬಾರಿ ಫಾರ್ವರ್ಡ್ ಆದವುಗಳೂ ಬೇರೆಬೇರೆಯಾಗಿ ಕಾಣುತ್ತವೆ. ಬೇಕಾದ ಫೋಟೊ-ವಿಡಿಯೊಗಳನ್ನು ಬೇರೆಡೆ ಉಳಿಸಿಕೊಂಡು, ಮಿಕ್ಕವನ್ನು ಅಳಿಸಿದರೆ ಸಾಮಾನ್ಯವಾಗಿ ದೊಡ್ಡ ಪಾಲು ಬಿಡುಗಡೆಯಾಗುತ್ತದೆ. ಅದರ ಹಿಂದಿನ ಪುಟದಲ್ಲಿರುವ Media auto-download ಅಡಿಯಲ್ಲಿ ವಿಡಿಯೊ ಆಯ್ಕೆಯನ್ನು ತೆಗೆಯದಿದ್ದರೆ ಕೆಲವೇ ವಾರಗಳಲ್ಲಿ ಜಾಗ ಮತ್ತೆ ತುಂಬುತ್ತದೆ.

ಅಳಿಸಿದ ಮೇಲೂ ಉಳಿದ ಜಾಗದ ಲೆಕ್ಕ ಹೆಚ್ಚದಿದ್ದರೆ ಫೈಲ್‌ಗಳು ಟ್ರ್ಯಾಶ್‌ನಲ್ಲಿರಬಹುದು. ಗ್ಯಾಲರಿ ಮತ್ತು ಫೈಲ್ಸ್ ಆ್ಯಪ್‌ಗಳು ಅಳಿಸಿದ್ದನ್ನು ಹಲವು ದಿನ ಇಟ್ಟುಕೊಳ್ಳುತ್ತವೆ. ಅಲ್ಲಿಯೂ ಖಾಲಿ ಮಾಡಬೇಕು.

App info ಪುಟದ Storage ಒಳಗೆ Clear cache ಒತ್ತುವುದು ಸುರಕ್ಷಿತ. ಅದರ ಪಕ್ಕದಲ್ಲೇ ಇರುವ Clear storage ಹಾಗಲ್ಲ. ವಾಟ್ಸ್ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಬ್ಯಾಕಪ್ ಇಲ್ಲದ ಚಾಟ್‌ಗಳು ಹೋಗಿಬಿಡಬಹುದು.

3. ಆ್ಯಪ್ ಕಡಿಮೆ ಮಾಡುವುದು

ತಿಂಗಳಿಂದ ತೆರೆಯದ ಆ್ಯಪ್‌ಗಳನ್ನು ತೆಗೆದುಹಾಕಬೇಕು. ಫೋನಿನೊಂದಿಗೇ ಬಂದವುಗಳಿಗೆ ಹಲವು ಬಾರಿ Uninstall ಇರುವುದಿಲ್ಲ, Disable ಇರುತ್ತದೆ. ಅದನ್ನು ಒತ್ತಿದರೆ ಆ್ಯಪ್‌ಗೆ ಬಂದಿದ್ದ ಅಪ್‌ಡೇಟ್‌ಗಳು ಹೋಗಿ ಅಷ್ಟು ಜಾಗ ಸಿಗುತ್ತದೆ, ಹಿನ್ನೆಲೆಯಲ್ಲಿ ಅದು ಓಡುವುದೂ ನಿಲ್ಲುತ್ತದೆ. ಹೆಸರು ಗೊತ್ತಿಲ್ಲದ ಸಿಸ್ಟಂ ಆ್ಯಪ್‌ಗಳನ್ನು ಮುಟ್ಟಬಾರದು. ಚಲಿಸುವ ವಾಲ್‌ಪೇಪರ್ ಮತ್ತು ಬೇಡದ ವಿಜೆಟ್‌ಗಳನ್ನೂ ತೆಗೆದರೆ ಒಂದಿಷ್ಟು ರ‍್ಯಾಮ್ ಉಳಿಯುತ್ತದೆ.

ಉದಾಹರಣೆಯ ಫೋನಿನಲ್ಲಿ ವಾಟ್ಸ್ಆ್ಯಪ್‌ನಿಂದ 4, ಆ್ಯಪ್‌ಗಳಿಂದ ಒಂದೂವರೆ ಜಿಬಿ ಸಿಕ್ಕರೆ ಖಾಲಿ ಜಾಗ ಆರೂವರೆ ಜಿಬಿಗೆ ಏರುತ್ತದೆ. ಇಂಥ ಫೋನಿಗೆ ಸದಾ 4–5 ಜಿಬಿ ಖಾಲಿ ಇರುವುದು ಒಳ್ಳೆಯದು.

4. ಒಂದು ರಾತ್ರಿ ಚಾರ್ಜ್‌ನಲ್ಲಿ ಬಿಡುವುದು

ಆಂಡ್ರಾಯ್ಡ್ 7ರಿಂದ ಈಚೆಗೆ, ಫೋನ್ ಚಾರ್ಜ್ ಆಗುತ್ತಾ ಸುಮ್ಮನಿರುವಾಗ, ಹೆಚ್ಚು ಬಳಸುವ ಆ್ಯಪ್‌ಗಳ ಮುಖ್ಯ ಭಾಗಗಳನ್ನು ಪ್ರೊಸೆಸರ್ ನೇರವಾಗಿ ಓಡಿಸಬಲ್ಲ ರೂಪಕ್ಕೆ ಬದಲಿಸಿಡುವ ವ್ಯವಸ್ಥೆ ಇದೆ. ಆ್ಯಪ್ ಬೇಗ ತೆರೆಯುವುದರಲ್ಲಿ ಇದರ ಪಾಲು ದೊಡ್ಡದು. ಜಾಗ ತೀರಾ ಕಡಿಮೆ ಇದ್ದರೆ ಆಂಡ್ರಾಯ್ಡ್ ಈ ಕೆಲಸವನ್ನು ಕೈಬಿಡುತ್ತದೆ. ಹಾಗಾಗಿ ಜಾಗ ಬಿಡಿಸಿದ ದಿನವೇ ವೇಗ ಪೂರ್ತಿ ಮರಳದಿರಬಹುದು. ಫೋನನ್ನು ಒಂದೆರಡು ರಾತ್ರಿ ಚಾರ್ಜ್‌ಗೆ ಹಾಕಿ ಬಿಟ್ಟು, ನಂತರವೇ ಮೊದಲ ಹಂತದ ಅಳತೆಗಳನ್ನು ಮತ್ತೆ ಮಾಡಬೇಕು.

5. ಮಾಡಬಾರದ್ದು

ರೀಸೆಂಟ್ಸ್ ಪರದೆಯಿಂದ ಎಲ್ಲ ಆ್ಯಪ್‌ಗಳನ್ನು ಪದೇ ಪದೇ ತಳ್ಳಿಹಾಕುವ ಅಭ್ಯಾಸ ವೇಗವನ್ನು ಕಡಿಮೆ ಮಾಡುತ್ತದೆ. ರ‍್ಯಾಮ್‌ನಲ್ಲಿ ಉಳಿದಿರುವ ಆ್ಯಪ್ ತಕ್ಷಣ ತೆರೆಯುತ್ತದೆ. ತಳ್ಳಿಹಾಕಿದ್ದನ್ನು ಮತ್ತೆ ಸ್ಟೋರೇಜ್‌ನಿಂದ ಎತ್ತಬೇಕಾಗಬಹುದು. ಸ್ಥಗಿತಗೊಂಡ ಆ್ಯಪನ್ನು ಮಾತ್ರ ಹಾಗೆ ಮುಚ್ಚಬೇಕು. ರ‍್ಯಾಮ್ ಬೂಸ್ಟರ್ ಆ್ಯಪ್‌ಗಳು ಮಾಡುವುದೂ ಇದನ್ನೇ, ಜೊತೆಗೆ ತಾವೂ ಹಿನ್ನೆಲೆಯಲ್ಲಿ ಓಡುತ್ತವೆ. ಕೆಲವು ಫೋನ್‌ಗಳಲ್ಲಿರುವ ‘ವರ್ಚುವಲ್ ರ‍್ಯಾಮ್’ ಸ್ಟೋರೇಜ್‌ನ ಒಂದು ಭಾಗವನ್ನೇ ರ‍್ಯಾಮ್‌ನಂತೆ ಬಳಸುತ್ತದೆ. ಜಾಗ ಮೊದಲೇ ಕಡಿಮೆ ಇರುವ ಫೋನಿನಲ್ಲಿ ಅದನ್ನು ಆಫ್ ಮಾಡುವುದೇ ಲೇಸು.

ಇಷ್ಟು ಮಾಡಿದ ಮೇಲೂ ಅಳತೆಗಳಲ್ಲಿ ವ್ಯತ್ಯಾಸ ಕಾಣದಿದ್ದರೆ, ಬ್ಯಾಕಪ್ ತೆಗೆದುಕೊಂಡು ಫ್ಯಾಕ್ಟರಿ ರೀಸೆಟ್ ಮಾಡಿ, ಯಾವ ಆ್ಯಪನ್ನೂ ಹಾಕದೆ ಮತ್ತೊಮ್ಮೆ ಅಳೆಯಬೇಕು. ಆಗಲೂ ಫೋನ್ ನಿಧಾನವಾಗಿಯೇ ಇದ್ದರೆ, ಅದು ಆ ಫೋನಿನ ಚಿಪ್ ಮತ್ತು ಸಿಸ್ಟಂನ ಮಿತಿ.