‘ನೀಟಾಗಿ ಮಾಡಿ’ ಎಂದರೆ ಏನು ಮಾಡಬೇಕು? ಒಂದು ಚಾರ್ಟ್, ಒಂದು ಪತ್ರ

ಆಫೀಸಿನ ಪತ್ರ ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ರಜೆ ಅರ್ಜಿ. ಕೆಲಸಕ್ಕೆ ಸೇರಿದ ಮೇಲೆ ಅದಕ್ಕಿಂತ ಕಷ್ಟದ ಪತ್ರವೊಂದು ಬರ್ತದೆ: ಒಬ್ಬರು ಮಾಡಿಕೊಟ್ಟದ್ದನ್ನು ಮತ್ತೆ ಮಾಡಿ ಎಂದು ಹೇಳುವ ಪತ್ರ. ಈ ಸಲ ಅಂಥದ್ದೊಂದನ್ನು ಬರೆದು ನೋಡುವ ಎಂದು ಕೂತೆವು. ಅಭ್ಯಾಸಕ್ಕೆ ನಮ್ಮ ಮಿಜಾರಿನ ಆಸುಪಾಸಿನದ್ದೇ ವ್ಯಾಪಾರ ಇರಲಿ ಎಂದು ಐಸ್‌ಕ್ರೀಮ್ ವಿತರಕರೊಬ್ಬರನ್ನು ಕಲ್ಪಿಸಿಕೊಂಡೆವು. ಅಂಕಿಗಳೂ ನಾವೇ ಕಟ್ಟಿಕೊಂಡವು, ಯಾರ ಲೆಕ್ಕವೂ ಅಲ್ಲ.

ಮಾರಾಟ ಲಕ್ಷ ರೂಪಾಯಿಗಳಲ್ಲಿ. ಪ್ರತಿ ಸಾಲಿನಲ್ಲಿ ಏಪ್ರಿಲ್–ಜೂನ್‌ನಿಂದ ಜನವರಿ–ಮಾರ್ಚ್‌ವರೆಗೆ ನಾಲ್ಕು ತ್ರೈಮಾಸಿಕಗಳು; ಮೊದಲು ಹೋದ ವರ್ಷ, ಆಮೇಲೆ ಈ ವರ್ಷ.

ಮೂಡುಬಿದಿರೆ: 26, 14, 17, 24, ಈ ವರ್ಷ 27, 14, 18, 25
ಬಂಟ್ವಾಳ: 30, 16, 20, 28, ಈ ವರ್ಷ 27, 14, 17, 24
ಬೆಳ್ತಂಗಡಿ: 22, 9, 13, 20, ಈ ವರ್ಷ 23, 10, 14, 21

ವಿಶ್ಲೇಷಕರು ಇಷ್ಟನ್ನೂ ಒಂದೇ ಚಾರ್ಟಿನಲ್ಲಿ ಹಾಕಿದ್ದಾರೆ ಎಂದಿಟ್ಟುಕೊಳ್ಳಿ. 3ಡಿ ಕಂಬಗಳು 24, ತಲೆಯ ಮೇಲೆ 24 ಸಂಖ್ಯೆಗಳು. ಎಡಗಡೆ ಅಕ್ಷ 8ರಿಂದ ಶುರು. ಬಲಗಡೆ ಇನ್ನೊಂದು ಅಕ್ಷ, ಅದಕ್ಕೆ ಹಿಂದಿನ ತ್ರೈಮಾಸಿಕಕ್ಕಿಂತ ಶೇಕಡಾ ಎಷ್ಟು ಏರಿಳಿತ ಎಂದು ತೋರಿಸುವ ಮೂರು ಚುಕ್ಕಿಗೆರೆಗಳು. ಮೀಟಿಂಗಿನಲ್ಲಿ ತೀರ್ಮಾನ ಆಗಬೇಕಾದದ್ದು ಒಂದೇ: ಮುಂದಿನ ಮಳೆಗಾಲದಲ್ಲಿ ಯಾವುದಾದರೂ ಊರಿನ ಎರಡನೇ ವ್ಯಾನ್ ನಿಲ್ಲಿಸಬೇಕಾ?

ನಮ್ಮ ಮೊದಲ ಪತ್ರ ಹೀಗಿತ್ತು: “ಚಾರ್ಟ್ ತುಂಬಾ ಗೋಜಲಾಗಿದೆ. ದಯವಿಟ್ಟು ನೀಟಾಗಿ ಮಾಡಿ ಕಳಿಸಿ.” ಓದಿ ನಮಗೇ ನಗು ಬಂತು. ಇದನ್ನು ಪಡೆದವರು ಬಣ್ಣ ಬದಲಾಯಿಸಿ, ಅಕ್ಷರ ಸ್ವಲ್ಪ ದೊಡ್ಡದು ಮಾಡಿ ವಾಪಸ್ ಕಳಿಸ್ತಾರೆ. ಅವರದ್ದೇನೂ ತಪ್ಪಿಲ್ಲ, ಹೇಳಿದ್ದೇ ಅಷ್ಟು. ಮೂರನೇ ಸಲ ಬರೆದದ್ದು ಇದು:

ನಮಸ್ಕಾರ,

ತ್ರೈಮಾಸಿಕ ಮಾರಾಟದ ಚಾರ್ಟ್ ನೋಡಿದೆ. ಅಂಕಿಗಳನ್ನು ಬಿಲ್ಲಿನ ಮೊತ್ತದೊಂದಿಗೆ ತಾಳೆ ಹಾಕಿದ್ದೇನೆ, ಎಲ್ಲ ಸರಿ ಇವೆ, ಅವನ್ನು ಮುಟ್ಟಬೇಡಿ. ಚಿತ್ರವನ್ನು ಮಾತ್ರ ಮತ್ತೆ ಮಾಡಬೇಕು. ಶುಕ್ರವಾರದ ಮೀಟಿಂಗಿನಲ್ಲಿ ಕೇಳುವ ಪ್ರಶ್ನೆ, ಯಾವ ಊರಿನ ವ್ಯಾಪಾರ ನಿಜವಾಗಿ ಇಳಿಯುತ್ತಿದೆ ಎಂಬುದು. ಈಗಿನ ಚಾರ್ಟ್ ನೋಡಿ ನಾನೇ ಬೆಳ್ತಂಗಡಿ ಎಂದುಕೊಂಡೆ. ಪಟ್ಟಿ ತೆಗೆದು ನೋಡಿದರೆ ಇಳಿದಿರುವುದು ಬಂಟ್ವಾಳ.

ನಾನು ಎಲ್ಲಿ ದಾರಿ ತಪ್ಪಿದೆ ಎಂದು ಹೇಳುತ್ತೇನೆ. ಚುಕ್ಕಿಗೆರೆಯಲ್ಲಿ ಈ ವರ್ಷ ಜುಲೈ–ಸೆಪ್ಟೆಂಬರ್‌ಗೆ ಬೆಳ್ತಂಗಡಿ ಶೇ. 57 ಬಿದ್ದಿದೆ, ಮೂರರಲ್ಲಿ ಅದೇ ಹೆಚ್ಚು. ಆದರೆ ಅದು ಬೇಸಿಗೆಯನ್ನು ಮಳೆಗಾಲದ ಜೊತೆ ಹೋಲಿಸಿದ್ದು. ಹೋದ ಮಳೆಗಾಲಕ್ಕೆ ಹೋಲಿಸಿದರೆ ಅಲ್ಲಿ 9 ಇದ್ದದ್ದು 10 ಆಗಿದೆ; ಬಂಟ್ವಾಳದಲ್ಲಿ 16 ಇದ್ದದ್ದು 14. ಹಾಗಾಗಿ ಪ್ರತಿ ತ್ರೈಮಾಸಿಕವನ್ನು ಹಿಂದಿನ ವರ್ಷದ ಅದೇ ತ್ರೈಮಾಸಿಕದ ಪಕ್ಕ ಇಡಿ. ಚುಕ್ಕಿಗೆರೆಗಳೂ ಬಲಗಡೆಯ ಅಕ್ಷವೂ ಬೇಡ.

ಅಕ್ಷ 8ರಿಂದ ಶುರುವಾದ್ದರಿಂದ ಈ ಮಳೆಗಾಲದ ಬೆಳ್ತಂಗಡಿಯ ಕಂಬ 2 ಅಳತೆಯದ್ದು, ಬಂಟ್ವಾಳದ್ದು 6. ಕಣ್ಣಿಗೆ ಮೂರನೇ ಒಂದು ಭಾಗ ಕಾಣುತ್ತದೆ. ನಿಜಕ್ಕೆ 14ರ ಎದುರು 10, ಅಂದರೆ ಶೇ. 71. 3ಡಿಯಲ್ಲಿ ಮುಂದಿನ ಕಂಬ ಹಿಂದಿನದ್ದನ್ನು ಮುಚ್ಚಿದೆ, ಬಂಟ್ವಾಳದ ಎರಡು ಕಂಬಗಳು ನನಗೆ ಕಾಣಲೇ ಇಲ್ಲ.

ಊರಿಗೊಂದರಂತೆ ಮೂರು ಸಣ್ಣ ಚಿತ್ರ ಮಾಡಿ, ಮೂರಕ್ಕೂ 0ಯಿಂದ 32ರ ಒಂದೇ ಅಳತೆ. ಹೋದ ವರ್ಷಕ್ಕೆ ಬೂದು ಗೆರೆ, ಈ ವರ್ಷಕ್ಕೆ ಗಾಢ ಗೆರೆ. ಗೆರೆಯ ತುದಿಯಲ್ಲೇ ವರ್ಷ ಬರೆಯಿರಿ. ತ್ರೈಮಾಸಿಕಗಳಿಗೆ ತಿಂಗಳ ಹೆಸರು ಇರಲಿ. ಗುರುವಾರ ಸಂಜೆಯೊಳಗೆ ಸಿಕ್ಕಿದರೆ ಸಾಕು. ನಾನು ಹೇಳಿದ್ದರಲ್ಲಿ ತಪ್ಪು ಕಂಡರೆ ಫೋನ್ ಮಾಡಿ.

ಪತ್ರ ಮುಗಿದ ಮೇಲೆ ನಮ್ಮಲ್ಲೇ ಚರ್ಚೆ ಎದ್ದಿತು. “ಅಕ್ಷ ಸೊನ್ನೆಯಿಂದಲೇ ಶುರುವಾಗಬೇಕು ಅಂತ ರೂಲ್ ಉಂಟಾ?” ಕಂಬಕ್ಕೆ ಉಂಟು, ಗೆರೆಗೆ ಅಷ್ಟಿಲ್ಲ. ಕಂಬವನ್ನು ನಾವು ಉದ್ದದಿಂದ ಓದ್ತೇವೆ. ಬುಡ ಕತ್ತರಿಸಿದರೆ ಉದ್ದವೇ ಸುಳ್ಳಾಗ್ತದೆ. ಗೆರೆಯಲ್ಲಿ ಓದುವುದು ಬಿಂದುವಿನ ಸ್ಥಾನ ಮತ್ತು ಇಳಿಜಾರು. ವಿಲಿಯಂ ಕ್ಲೀವ್‌ಲ್ಯಾಂಡ್ ಮತ್ತು ರಾಬರ್ಟ್ ಮೆಕ್‌ಗಿಲ್ 1984ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನ ಅತಿ ಕಡಿಮೆ ತಪ್ಪು ಮಾಡಿದ್ದು, ಒಂದೇ ಅಳತೆಯ ಮೇಲಿರುವ ಸ್ಥಾನಗಳನ್ನು ಹೋಲಿಸುವಾಗ. ಪತ್ರದಲ್ಲಿ ‘ಒಂದೇ ಅಳತೆ’ ಎಂಬ ಎರಡು ಪದ ಇರುವುದು ಅದಕ್ಕೇ.

ಆ ಎರಡು ಪದ ಬಿಟ್ಟುಹೋದರೆ ಏನಾಗ್ತದೆ ಎಂದು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬಿಡಿಸಿ ನೋಡಿದೆವು. ಏನೂ ಹೇಳದಿದ್ದರೆ ಅದು ಪ್ರತಿ ಚಿತ್ರಕ್ಕೂ ತನ್ನದೇ ಅಳತೆ ಹಾಕಿಕೊಳ್ತದೆ. ಆಗ ಬೆಳ್ತಂಗಡಿಯ 23ಕ್ಕೂ ಬಂಟ್ವಾಳದ 30ಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರ! ಚಿತ್ರ ಚಂದ ಇರ್ತದೆ, ಸಂಶಯವೇ ಬರುವುದಿಲ್ಲ. ಕಂಡುಹಿಡಿಯುವ ದಾರಿ, ಅಕ್ಕಪಕ್ಕದ ಚಿತ್ರಗಳ ಎಡ ಅಂಚಿನ ಸಂಖ್ಯೆ ಓದುವುದು. ಸರಿಪಡಿಸಲು ಎರಡು ಸಾಲು ಸಾಕು:

```python
fig, ax = plt.subplots(1, 3, sharey=True)
ax[0].set_ylim(0, 32)
```

ಹೊಸ ಚಿತ್ರದಲ್ಲಿ ಉತ್ತರ ಹುಡುಕಬೇಕಾಗಿಲ್ಲ. ಬಂಟ್ವಾಳದಲ್ಲಿ ನಾಲ್ಕೂ ತ್ರೈಮಾಸಿಕಗಳಲ್ಲಿ ಗಾಢ ಗೆರೆ ಬೂದು ಗೆರೆಯ ಕೆಳಗೆ. ಒಟ್ಟು 94 ಇದ್ದದ್ದು 82. ಬೆಳ್ತಂಗಡಿಯಲ್ಲಿ ನಾಲ್ಕರಲ್ಲೂ ಮೇಲೆ. 64 ಇದ್ದದ್ದು 68. ಹಳೆ ಚಾರ್ಟ್ ನೋಡಿ ವ್ಯಾನ್ ನಿಲ್ಲಿಸಿದ್ದರೆ, ಬೆಳೆಯುತ್ತಿರುವ ಊರಿನದ್ದೇ ನಿಲ್ಲುತ್ತಿತ್ತು.

ಆದರೆ ನಮ್ಮ ಪತ್ರದಲ್ಲೂ ಒಂದು ತೂತು ಉಂಟು, ಅದು ಕಂಡದ್ದು ಕೊನೆಗೆ. ಎಲ್ಲ ಲೆಕ್ಕ ರೂಪಾಯಿಯಲ್ಲಿ ಉಂಟು, ಲೀಟರಿನಲ್ಲಿ ಇಲ್ಲ. ಈ ವರ್ಷ ದರ ಸರಾಸರಿ ಶೇ. 6 ಏರಿದ್ದರೆ ಬೆಳ್ತಂಗಡಿಯ ಏರಿಕೆ ಬಹುತೇಕ ದರದ್ದೇ, ಮಾಲು ಹೋದದ್ದು ಅಷ್ಟೇ. ಬಂಟ್ವಾಳದ ಇಳಿಕೆ ಆಗ ಶೇ. 13 ಅಲ್ಲ, ಸುಮಾರು 18. ವ್ಯಾನ್ ಹೊರುವುದು ಲೀಟರನ್ನು, ರೂಪಾಯಿಯನ್ನಲ್ಲ. ಇನ್ನೊಂದು ತೊಡಕು ಕರಾವಳಿಯದ್ದೇ: ಏಪ್ರಿಲ್–ಜೂನ್ ಎಂಬ ಒಂದೇ ಡಬ್ಬದಲ್ಲಿ ಮೇ ತಿಂಗಳ ಸೆಕೆಯೂ ಜೂನ್ ಮಳೆಯೂ ಒಟ್ಟಿಗೆ ಇರ್ತವೆ. ಕೇರಳಕ್ಕೆ ಮುಂಗಾರು ಬರುವ ವಾಡಿಕೆಯ ದಿನ ಜೂನ್ 1. 2025ರಲ್ಲಿ ಅದು ಮೇ 24ಕ್ಕೇ ಬಂತು. ಅಂಥ ವರ್ಷದಲ್ಲಿ ಬೇಸಿಗೆಯ ಒಂದು ವಾರವೇ ಕಡಿಮೆ, ಮಾರಾಟಗಾರರ ತಪ್ಪಿಲ್ಲದೆ ಗೆರೆ ಕೆಳಗಿಳಿಯಬಹುದು.

ಹಾಗಾಗಿ ಪತ್ರದ ಕೆಳಗೆ ಇನ್ನೆರಡು ಸಾಲು ಸೇರಿಸಿದೆವು: “ಇದೇ ಮೂರು ಚಿತ್ರಗಳನ್ನು ಲೀಟರ್ ಲೆಕ್ಕದಲ್ಲೂ ಒಮ್ಮೆ ಮಾಡಿ ನೋಡಿ. ಏಪ್ರಿಲ್, ಮೇ, ಜೂನ್ ಅಂಕಿಗಳನ್ನು ಬೇರೆಬೇರೆಯಾಗಿ ಕಳಿಸಿ, ಚಾರ್ಟ್ ಬೇಡ, ಪಟ್ಟಿ ಸಾಕು.”