ಉತ್ಸವದ ಲೆಕ್ಕಪತ್ರ: ಉಳಿಕೆಯ ಸಾಲನ್ನು ಓದುವುದು ಹೇಗೆ?

ಗಣೇಶೋತ್ಸವ ಮುಗಿದ ಮೇಲೆ ಬೊರಿವಲಿಯ ಎಷ್ಟೋ ಸೊಸೈಟಿಗಳ ನೋಟಿಸ್ ಬೋರ್ಡಿನಲ್ಲಿ ಒಂದು ಹಾಳೆ ಕಾಣಿಸುತ್ತದೆ. ಒಟ್ಟು ಸಂಗ್ರಹ, ಒಟ್ಟು ಖರ್ಚು, ಉಳಿಕೆ, ಕೆಳಗೆ ಕೋಶಾಧಿಕಾರಿಯ ಸಹಿ. ಇಷ್ಟರಿಂದ ವಂತಿಗೆ ಕೊಟ್ಟವರಿಗೆ ತಿಳಿಯುವುದು ಏನೂ ಇಲ್ಲ.

ನೋಂದಣಿಯಾಗದ ಸಮಿತಿಯೊಂದು ಧಾರ್ಮಿಕ ಕಾರ್ಯಕ್ಕೆಂದು ಸಾರ್ವಜನಿಕರಿಂದ ಹಣ ಎತ್ತುವುದಾದರೆ ಮಹಾರಾಷ್ಟ್ರದ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41-ಸಿ ಕಲಮು ಅದಕ್ಕೆ ಅನ್ವಯಿಸುತ್ತದೆ. ಚಾರಿಟಿ ಕಮಿಷನರ್ ಕಚೇರಿಗೆ ತಿಳಿಸಿ ತಾತ್ಕಾಲಿಕ ಪರವಾನಗಿ ಪಡೆಯಬೇಕು, ಹಬ್ಬ ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ಮುಂದಿನ ವರ್ಷ ಅರ್ಜಿ ಹಾಕುವಾಗ ಹಿಂದಿನ ವರ್ಷದ ಲೆಕ್ಕ ಕೇಳುತ್ತಾರೆ. ಮುಂಬಯಿಯವರಿಗೆ ಈ ಕಚೇರಿ ಇರುವುದು ವರ್ಲಿಯ ಆ್ಯನಿ ಬೆಸೆಂಟ್ ರಸ್ತೆಯಲ್ಲಿ. ಮಂಟಪಕ್ಕೆ ಪಾಲಿಕೆ ಕೊಡುವ ಅನುಮತಿಯೇ ಬೇರೆ. ಅದನ್ನು ತೋರಿಸಿ ‘ನಮ್ಮಲ್ಲಿ ಪರವಾನಗಿ ಇದೆ’ ಎಂದರೆ ಹಣ ಎತ್ತುವ ಪರವಾನಗಿ ಯಾವುದೆಂದು ಕೇಳಿ.

ಲೆಕ್ಕ ಹೇಗಿರಬೇಕು ಎಂಬುದನ್ನು ಕಲ್ಪಿತ ಸಮಿತಿಯೊಂದರಿಂದ ನೋಡೋಣ. ಕಳೆದ ವರ್ಷದಿಂದ ಬಂದ ಆರಂಭದ ಶಿಲ್ಕು 18,400 ರೂಪಾಯಿ. ಈ ವರ್ಷ ರಶೀದಿ ಮೇಲೆ ಬಂದ ವಂತಿಗೆ 1,46,500, ಸ್ಮರಣ ಸಂಚಿಕೆಯ ಜಾಹೀರಾತು 60,000, ಪೂಜಾ ಸೇವೆಗಳಿಂದ 38,250, ಹುಂಡಿಯಿಂದ 21,350. ಜಮೆ 2,66,100, ಶಿಲ್ಕು ಸೇರಿ 2,84,500. ಖರ್ಚಿನ ಕಡೆ ಮಂಟಪ, ದೀಪ, ಮೈಕಿಗೆ 78,000, ಮೂರ್ತಿ, ಹೂವು, ಭಟ್ಟರ ದಕ್ಷಿಣೆಗೆ 52,600, ಅನ್ನಸಂತರ್ಪಣೆಗೆ 69,400, ಸಂಚಿಕೆಯ ಮುದ್ರಣಕ್ಕೆ 24,000, ವಿಸರ್ಜನೆಯ ಸಾಗಾಟಕ್ಕೆ 16,500, ಇತರೆ 7,300. ಒಟ್ಟು 2,47,800. ಉಳಿಕೆ 36,700.

ಕೂಡಿ ಕಳೆದರೆ ಉಳಿಕೆ ಬಂದೇ ಬರುತ್ತದೆ. ಆ ಹಣ ನಿಜವಾಗಿ ಇದೆಯೇ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಹಾಗಾಗಿ ಆ ಸಾಲನ್ನು ಬಿಡಿಸಿ ಬರೆಯಬೇಕು: ಕೈಯಲ್ಲಿ ನಗದು 5,500, ಬ್ಯಾಂಕಿನಲ್ಲಿ 31,200. ಆದರೆ ಪಾಸ್‌ಬುಕ್ಕಿನಲ್ಲಿ ಅದೇ ದಿನ 43,200 ಕಾಣುತ್ತದೆ. ಮೈಕಿನವನಿಗೆ ಕೊಟ್ಟ 12,000ದ ಚೆಕ್ಕು ಇನ್ನೂ ಪಾಸಾಗಿಲ್ಲ. ಈ ವ್ಯತ್ಯಾಸವನ್ನು ಲೆಕ್ಕದ ಕೆಳಗೆ ಬರೆದು, ಪಾಸ್‌ಬುಕ್ಕಿನ ಆ ಪುಟದ ನಕಲು ಹಚ್ಚಿದ್ದರೆ ನಂಬಬಹುದು. ಜಾಹೀರಾತಿನವರಿಂದ ಇನ್ನೂ 10,000 ಬರಬೇಕಿದ್ದರೆ ಅದು ‘ಬರಬೇಕಾದ ಬಾಕಿ’ ಎಂದು ಪ್ರತ್ಯೇಕ ನಿಲ್ಲಬೇಕು. ಬಾರದ ಹಣವನ್ನು ಜಮೆಗೆ ಸೇರಿಸಿದರೆ ಉಳಿಕೆ ಉಬ್ಬುತ್ತದೆ, ಕೈಯಲ್ಲಿ ಮಾತ್ರ ಏನೂ ಇರುವುದಿಲ್ಲ.

ವಂತಿಗೆಯ ಮೊತ್ತಕ್ಕೆ ಆಧಾರ ರಶೀದಿ ಪುಸ್ತಕದ ಅಡಿಹಾಳೆ. ಎಷ್ಟು ಪುಸ್ತಕ ಅಚ್ಚಾಯಿತು, ಯಾರ ಕೈಗೆ ಯಾವ ನಂಬರಿನಿಂದ ಯಾವ ನಂಬರಿನವರೆಗೆ ಹೋಯಿತು ಎಂಬ ಪಟ್ಟಿ ಇರಬೇಕು. ರದ್ದಾದ ರಶೀದಿಯ ಎರಡೂ ಪ್ರತಿ ಪುಸ್ತಕದಲ್ಲೇ ಉಳಿಯಬೇಕು. ಒಂದು ಪುಸ್ತಕ ‘ಕಳೆದುಹೋಗಿದೆ’ ಎಂದರೆ ಸಭೆ ಅಲ್ಲಿಗೇ ನಿಲ್ಲಬೇಕು. ಹುಂಡಿಗೆ ರಶೀದಿ ಇರುವುದಿಲ್ಲವಾದ್ದರಿಂದ ಎಣಿಸಿದ ದಿನ ಇಬ್ಬರು ಮೂವರ ಸಹಿಯ ಎಣಿಕೆ ಚೀಟಿ ಬೇಕು. ಎಲ್ಲಕ್ಕಿಂತ ತೊಂದರೆ ಕೊಡುವುದು ಯುಪಿಐ: ಕಾರ್ಯದರ್ಶಿಯ ಸ್ವಂತ ನಂಬರಿಗೆ ಬಂದ ಹಣ ಅವರ ಮನೆಖರ್ಚಿನ ಜೊತೆ ಬೆರೆತ ಮೇಲೆ ಬೇರ್ಪಡಿಸುವವರು ಯಾರು? ಸಮಿತಿಯ ಹೆಸರಿನ ಖಾತೆಯ ಕ್ಯೂಆರ್ ಅಲ್ಲದಿದ್ದರೆ ಹಣ ಹಾಕಬೇಡಿ. ‘ನೇರ ಮಂಟಪದವನಿಗೇ ಕೊಟ್ಟುಬಿಡಿ’ ಎಂಬ ಮಾತಿಗೂ ಒಪ್ಪಬೇಡಿ. ಆಗ ಜಮೆಯೂ ಖರ್ಚೂ ಎರಡೂ ಲೆಕ್ಕದಿಂದ ಮಾಯ.

ನೋಂದಾಯಿತ ಟ್ರಸ್ಟ್ ಆದರೆ ಲೆಕ್ಕ ಮುಗಿಯುವುದು ಮಾರ್ಚ್ 31ಕ್ಕೆ. ಆಡಿಟ್ ವರದಿಗೆ ಅಲ್ಲಿಂದ ಆರು ತಿಂಗಳ ಅವಧಿ. ಸೆಪ್ಟೆಂಬರಿನಲ್ಲಿ ನಡೆದ ಹಬ್ಬದ ಖರ್ಚು ಆಡಿಟ್ ಆಗಿ ಬರುವಷ್ಟರಲ್ಲಿ ಮುಂದಿನ ಹಬ್ಬವೇ ಬಂದಿರಬಹುದು. ‘ಆಡಿಟ್ ಆಗಲಿ, ಆಮೇಲೆ ತೋರಿಸುತ್ತೇವೆ’ ಎಂಬ ಉತ್ತರ ಕಾನೂನಿಗೆ ವಿರುದ್ಧವೇನಲ್ಲ, ಆದರೆ ಉತ್ಸವದ ಪ್ರತ್ಯೇಕ ಜಮಾಖರ್ಚು ಕೊಡಲು ಆಡಿಟರ್ ಬೇಕಾಗಿಯೂ ಇಲ್ಲ. ಹಬ್ಬದ ನಂತರದ ಸಭೆಯಲ್ಲೇ ಅದನ್ನು ಕೇಳಿ.

ಉತ್ತರ ಸಿಗದಿದ್ದರೆ ಮೊದಲು ಸಮಿತಿಗೆ ಬರವಣಿಗೆಯಲ್ಲಿ ಕೇಳಿ, ಕೊಟ್ಟಿದ್ದಕ್ಕೆ ಸಹಿ ಪಡೆಯಿರಿ. ಚಾರಿಟಿ ಕಮಿಷನರ್ ಕಚೇರಿ ಸರಕಾರಿ ಕಚೇರಿಯಾದ್ದರಿಂದ ಸಮಿತಿ ಅಲ್ಲಿ ಒಪ್ಪಿಸಿದ ಲೆಕ್ಕದ ನಕಲನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಕೇಳಬಹುದು. ಸಭೆಗೆ ಹಂಚಿದ ಹಾಳೆಯನ್ನೂ ಆ ನಕಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಉಳಿಕೆ ಎರಡರಲ್ಲೂ ಒಂದೇ ಆಗಿಲ್ಲದಿದ್ದರೆ ನಿಮ್ಮ ರಶೀದಿ ಮತ್ತು ಆ ಎರಡು ಹಾಳೆ ಲಗತ್ತಿಸಿ ಅಲ್ಲೇ ದೂರು ಕೊಡಿ. ಬರೀ ‘ಹಣ ತಿಂದಿದ್ದಾರೆ’ ಎಂದು ಬರೆದ ದೂರಿಗಿಂತ ಯಾವ ಬಾಬಿನಲ್ಲಿ ಎಷ್ಟು ರೂಪಾಯಿ ತಾಳೆಯಾಗುತ್ತಿಲ್ಲ ಎಂದು ಬರೆದ ದೂರನ್ನು ವಿಚಾರಣೆಗೆ ತೆಗೆದುಕೊಳ್ಳುವುದು ಸುಲಭ.